ಬೆರಳಿನಲ್ಲಿ ಉಳಿದ ಗಾಳ

ನಮ್ಮ ಕಾಕಾ ಮೀನು ಹಿಡಿಯುತ್ತಾರೆ ಎಂಬ ಸಂಗತಿ ನಮ್ಮ ಮನೆತನದಲ್ಲಿ ಸುಮಾರು ಒಂದು ವರ್ಷ ಇಬ್ಬರಿಗೆ ಮಾತ್ರ ಗೊತ್ತಿತ್ತು: ಅವರಿಗೆ ಮತ್ತು ನನಗೆ.

ನಮ್ಮದು ಲಿಂಗಾಯತರ ಮನೆ. ಮೊಟ್ಟೆ ಹಾಕಿದ ಕೇಕನ್ನು ಸಹ ಒಳಗೆ ತರುವಂತಿಲ್ಲ, ಗೇಟಿನ ಹೊರಗೆ ನಿಂತು ತಿಂದು ಬಾಯಿ ಮುಕ್ಕಳಿಸಿ ಬರಬೇಕು. ಕಾಕಾ ಅಂದರೆ ನಮ್ಮ ತಂದೆಯ ತಮ್ಮ. ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಅವರದು ಹತ್ತಿಯ ದಲ್ಲಾಳಿ ಅಂಗಡಿ, ಮನೆ ಬೈರಿದೇವರಕೊಪ್ಪದಲ್ಲಿ. ಬೆಳಗಿನ ಪೂಜೆ ಮುಗಿಸಿ ಹಣೆಗೆ ಮೂರು ಗೆರೆ ವಿಭೂತಿ ಹಚ್ಚಿಕೊಳ್ಳದೆ ಚಹಾ ಕುಡಿಯದ ಮನುಷ್ಯ. ಪ್ರತಿ ಭಾನುವಾರ ಬೆಳಿಗ್ಗೆ ಧಾರವಾಡಕ್ಕೆ ಯೋಗದ ಕ್ಲಾಸಿಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದ್ದರು. ಅವರ ಸಕ್ಕರೆ ಕಾಯಿಲೆ ಹತೋಟಿಗೆ ಬಂದದ್ದೇ ಆ ಯೋಗದಿಂದ ಎಂದು ನಮ್ಮ ಕಾಕು, ಅಂದರೆ ಅವರ ಹೆಂಡತಿ, ಓಣಿಯ ಹೆಂಗಸರಿಗೆಲ್ಲ ಹೇಳುತ್ತಿದ್ದರು.

ನಾನು ಆಗ ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಕೆರೆಯ ಮೀನುಗಳ ಕಿವಿರಿನಲ್ಲಿ ಬೆಳೆಯುವ ಹುಳಗಳು ನನ್ನ ಪ್ರಬಂಧದ ವಿಷಯ. ಮನೆಯಲ್ಲಿ ‘ಕೆರೆಯ ನೀರಿನ ಅಧ್ಯಯನ’ ಎಂದಷ್ಟೇ ಹೇಳಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಭಾನುವಾರ ಬೆಳಿಗ್ಗೆ ಕೆಲಗೇರಿ ಕೆರೆಯ ಏರಿಯ ಮೇಲೆ ಗಾಳ ಹಾಕಲು ಬರುವವರ ಬಳಿ ಹೋಗಿ, ಅವರು ಹಿಡಿದ ಮೀನಿನ ಉದ್ದ ಅಳೆದು, ತೂಕ ನೋಡಿ, ಬೇಕಾದ ಒಂದೆರಡನ್ನು ಕೊಂಡು ತರುತ್ತಿದ್ದೆ. ಹಾಗೆ ಒಂದು ದಿನ ಅಳತೆಪಟ್ಟಿ ಹಿಡಿದು ಏರಿಯ ಮೇಲೆ ನಡೆಯುತ್ತಿದ್ದಾಗ, ಕಿವಿ ಮುಚ್ಚುವಂತೆ ಟೊಪ್ಪಿಗೆ ಹಾಕಿಕೊಂಡು, ನೀರಿನ ಮೇಲಿನ ಬೆಂಡನ್ನೇ ನೋಡುತ್ತ ಕುಳಿತವರು ಕಾಕಾ ಎಂದು ಗೊತ್ತಾಯಿತು. ಅವರೂ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಸತ್ತ ರೋಹು ಮೀನಿತ್ತು. ಅವರ ಕೈಯಲ್ಲಿ ಕೋಲಿತ್ತು.

“ಯೋಗ ಮುಗೀತ್ರಿ?” ಎಂದೆ. ಬೇರೆ ಏನು ಕೇಳಬೇಕೆಂದು ತಿಳಿಯಲಿಲ್ಲ.

“ಇದ ಯೋಗ,” ಎಂದರು. “ನಿಂದು? ನೀರಿನ ಅಭ್ಯಾಸ ಹೆಂಗ ನಡದೈತಿ?”

ಅಲ್ಲಿಗೆ ಒಪ್ಪಂದವಾಯಿತು. ಅದನ್ನು ಬಾಯಿಬಿಟ್ಟು ಯಾರೂ ಹೇಳಲಿಲ್ಲ.

ಕಾಕಾ ತಾವು ಹಿಡಿದ ಮೀನನ್ನು ಒಂದು ದಿನವೂ ಮನೆಗೆ ಒಯ್ಯಲಿಲ್ಲ. ಸಣ್ಣದಾದರೆ ನೀರಿಗೆ ಬಿಡುತ್ತಿದ್ದರು, ದೊಡ್ಡದಾದರೆ ಪಕ್ಕದಲ್ಲಿ ಕುಳಿತಿರುತ್ತಿದ್ದ ಒಬ್ಬ ಅಜ್ಜನ ಚೀಲಕ್ಕೆ ಹಾಕುತ್ತಿದ್ದರು. ಅಜ್ಜ ಬೇರೆ ಊರಿನ ಜಲಾಶಯದಲ್ಲಿ ಬಲೆ ಬೀಸಿ ಬದುಕಿದವನು. ವಯಸ್ಸಾದ ಮೇಲೆ ಮಗಳ ಮನೆಗೆ ಬಂದು ಸೇರಿದ್ದ. ಕಾಕಾನಿಗೆ ಗಾಳಕ್ಕೆ ಹಿಟ್ಟಿನ ಉಂಡೆ ಕಟ್ಟುವುದನ್ನು ಕಲಿಸಿದವನು ಅವನೇ. “ಸಾವಕಾರ್ರ, ನೀವು ತಿನ್ನಂಗಿಲ್ಲ, ಮಾರಂಗಿಲ್ಲ. ಮೀನಿಗೆ ಸುಮ್ಮನ ತ್ರಾಸ ಕೊಡಾಕ ಬರ್ತೀರಿ,” ಎಂದು ವಾರಕ್ಕೊಮ್ಮೆ ಅನ್ನುತ್ತಿದ್ದ. “ಮಾರ್ಕೆಟ್ಟಿನ್ಯಾಗ ಆರು ದಿನ ಒದರ್ತೇನಿ. ಇಲ್ಲಿ ಯಾರೂ ನನ್ನ ರೇಟ್ ಕೇಳಂಗಿಲ್ಲ ನೋಡು,” ಎನ್ನುವುದು ಕಾಕಾನ ಉತ್ತರ.

ಬೇಸಿಗೆಯ ಒಂದು ಭಾನುವಾರ ಕಾಕಾ ಗಾಳ ಬೀಸಲು ಕೋಲನ್ನು ಹಿಂದಕ್ಕೆ ಎತ್ತಿದಾಗ ನಾನು ಅವರ ಹಿಂದೆ ಬಗ್ಗಿ ಚೀಲದಿಂದ ತಕ್ಕಡಿ ತೆಗೆಯುತ್ತಿದ್ದೆ. ಏನೋ ಇರುವೆ ಕಚ್ಚಿದಂತಾಯಿತು. ನೋಡಿದರೆ ಎಡ ಮುಂಗೈಯ ಹೊರಭಾಗದಲ್ಲಿ, ಮೊಣಕೈಗೂ ಮಣಿಕಟ್ಟಿಗೂ ನಡುವೆ, ಗಾಳ ನೆಟ್ಟಿತ್ತು. ತುದಿ ಒಳಗೆ ಹೋಗಿತ್ತು, ತುದಿಯ ಹಿಂದೆ ತಿರುಗಿ ನಿಂತ ಸಣ್ಣ ಮುಳ್ಳೂ ಒಳಗೇ ಇತ್ತು. ಮೀನು ತಪ್ಪಿಸಿಕೊಳ್ಳದಿರಲಿ ಎಂದು ಇರುವ ಮುಳ್ಳು ಅದು. ಒಳಗೆ ಹೋಗುವಾಗ ದಾರಿ ಕೊಡುತ್ತದೆ, ಹೊರಗೆ ಬರುವಾಗ ಕೊಡುವುದಿಲ್ಲ. ಕಾಕಾ ಕೋಲು ಬಿಸಾಡಿ ಬಂದು ಗಾಳವನ್ನು ಹಿಡಿದು ಹಿಂದಕ್ಕೆ ಎಳೆಯಲು ಹೋದರು.

“ಕೈ ತಗೀರಿ!” ಎಂದು ಅಜ್ಜ ಗದರಿಸಿದ. ಆತ ಕಾಕಾನನ್ನು ಗದರಿಸಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. “ಹಂಗ ಎಳದ್ರ ಮುಳ್ಳು ಮಾಂಸ ಹರಕೊಂಡು ಬರ್ತೈತಿ. ನೀವು ರಸ್ತೆ ಮ್ಯಾಲಿನ ಅಂಗಡಿಗೆ ಹೋಗಿ ಸಬಕಾರ, ಎರಡು ಬಾಟ್ಲಿ ಕುಡಿಯೂ ನೀರು ತರ್ರಿ. ಕೆರಿ ನೀರು ಬ್ಯಾಡ.”

ಕಾಕಾ ಓಡಿದರು. ಅಜ್ಜ ಮೊದಲು ಗಾಳಕ್ಕೆ ಕಟ್ಟಿದ್ದ ದಾರವನ್ನು ಕತ್ತರಿಸಿ, ಅಂಟಿದ್ದ ಹಿಟ್ಟನ್ನು ಒರೆಸಿದ. ನನ್ನ ಬೆರಳುಗಳನ್ನು ಮಡಚಿ ಬಿಚ್ಚಲು ಹೇಳಿದ. ಒಂದೊಂದೇ ಬೆರಳಿನ ತುದಿ ಮುಟ್ಟಿ “ಗೊತ್ತಾಗತೈತೇನು?” ಎಂದು ಕೇಳಿದ. ಎಲ್ಲವೂ ಗೊತ್ತಾಗುತ್ತಿತ್ತು. ಗಾಳ ಮೇಲುಮೇಲೆಯೇ, ಚರ್ಮದ ಕೆಳಗಿನ ಕೊಬ್ಬಿನಲ್ಲಿದೆ ಎಂದು ಖಾತ್ರಿಯಾದ ಮೇಲೆ ದಪ್ಪ ತಂಗೂಸಿಯ, ಅಂದರೆ ಗಾಳಕ್ಕೆ ಕಟ್ಟುವ ನೈಲಾನ್ ದಾರದ, ಒಂದು ಮೊಳ ಕತ್ತರಿಸಿ, ಅದರ ಕುಣಿಕೆಯನ್ನು ಗಾಳದ ಬಾಗಿದ ಭಾಗಕ್ಕೆ ಹಾಕಿದ. ತಂಗೂಸಿಯ ಎರಡೂ ತುದಿಗಳನ್ನು ತನ್ನ ಬಲ ಮುಷ್ಟಿಗೆ ಸುತ್ತಿಕೊಂಡ. ಎಡಗೈಯ ಬೆರಳಿನಿಂದ ಗಾಳದ ಹೊರಗಿನ ಕಡ್ಡಿಯನ್ನು ನನ್ನ ಚರ್ಮಕ್ಕೆ ಒತ್ತಿ ಮಲಗಿಸಿದ. ಹಾಗೆ ಒತ್ತಿದರೆ ಒಳಗಿನ ಮುಳ್ಳು ಹಿಡಿದ ಮಾಂಸವನ್ನು ಬಿಡುತ್ತದೆ ಎಂದು ಆಮೇಲೆ ಹೇಳಿದ. ತಂಗೂಸಿ ನನ್ನ ಕೈಗೆ ಸಮನಾಗಿ, ಮೇಲಕ್ಕೆ ಏಳದಂತೆ ಇತ್ತು. ಗಾಳ ಹಾರಿ ಬರುವ ದಿಕ್ಕಿನಲ್ಲಿ ನಿಂತಿದ್ದ ಇಬ್ಬರನ್ನು ದೂರ ಸರಿಸಿದ.

“ಏನ್ ತಂಗಿ, ನಿಮ್ಮ ಸಾಲ್ಯಾಗ ಈ ಮೀನಿಗೆ ಏನೋ ಉದ್ದನ್ನ ಹೆಸರು ಐತಂತಲ್ಲ, ಏನದು?”

“ಲೇಬಿಯೋ,” ಎನ್ನುವಷ್ಟರಲ್ಲಿ ಆತ ಒಮ್ಮೆಲೆ ಜೋರಾಗಿ ಎಳೆದ. ಗಾಳ ಮೂರು ಮಾರು ಆಚೆ ಕಲ್ಲಿನ ಮೇಲೆ ಬಿದ್ದು ಸದ್ದಾಯಿತು. ಎರಡು ಹನಿ ರಕ್ತ ಬಂತು, ಅಷ್ಟೇ. ಗಾಳ ಚುಚ್ಚಿದಾಗ ಆದ ನೋವಿಗಿಂತ ಹೆಚ್ಚೇನೂ ಆಗಲಿಲ್ಲ. ಗಾಳವನ್ನು ಹುಡುಕಿ ತಂದು, ತುದಿ ಮುರಿಯದೆ ಪೂರ್ತಿ ಬಂದಿದೆಯೇ ಎಂದು ಅಜ್ಜ ಬಿಸಿಲಿಗೆ ಹಿಡಿದು ನೋಡಿದ.

“ಕೈ, ಬೆನ್ನು, ಇಂಥಲ್ಲಿ ಮ್ಯಾಲ ಚುಚ್ಚಿದ್ರ ನಡೀತೈತಿ,” ಎಂದ. “ಕಣ್ಣಿನ ಹತ್ರ, ಕುತ್ಗಿ, ಬೆರಳಿನ ಗಂಟು, ಇವಕ್ಕ ನಾ ಕೈ ಹಚ್ಚಂಗಿಲ್ಲ. ಆಳ ಹೋಗಿದ್ರೂ ಹಚ್ಚಂಗಿಲ್ಲ. ಹೆಂಗೈತಿ ಹಂಗ ಬಟ್ಟಿ ಸುತ್ತಿ ದವಾಖಾನಿಗೆ ಕಳಸ್ತೇನಿ.” ತನ್ನ ಎಡಗೈಯ ಕಿರುಬೆರಳನ್ನು ತೋರಿಸಿದ. ಅದು ಕೋಲಿನಂತೆ ನೆಟ್ಟಗಿತ್ತು. “ಇದು ನಾನ ತಗದದ್ದು. ಹರೇದಾಗ.”

ಆಗ ಕಾಕಾ ಸಾಬೂನು, ನೀರು ಹಿಡಿದು ಏದುಸಿರು ಬಿಡುತ್ತ ಬಂದರು. ಗಾಳ ಬಂದದ್ದನ್ನು ಕಂಡು “ಒಂದ ಏಟಿಗೆ?” ಎಂದು ಬೆರಗಾದರು. ಅಜ್ಜ ಕುಣಿಕೆ ಹಾಕಿದ್ದನ್ನೂ ಕಡ್ಡಿ ಒತ್ತಿ ಎಳೆದದ್ದನ್ನೂ ಅವರಿಗೆ ಮತ್ತೆ ಕೈಯಾಡಿಸಿ ತೋರಿಸಿದ. ಬೆರಳಿನ ಗಂಟಿನ ಮಾತು ಮತ್ತೆ ಬರಲಿಲ್ಲ. ನಾನೂ ಹೇಳಲಿಲ್ಲ. ಗಾಯವನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯುತ್ತಿದ್ದೆ. ಕಾಕಾ ಜೇಬಿನಿಂದ ವಿಭೂತಿಯ ಗಟ್ಟಿ ತೆಗೆದು ಪುಡಿ ಮಾಡಲು ಹೋದಾಗ ಬೇಡ ಎಂದೆ. ಆ ದಿನವೇ ಹೋಗಿ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡೆ. ಹಿಂದಿನದು ಹೈಸ್ಕೂಲಿನಲ್ಲಿ ಹಾಕಿಸಿದ್ದು, ಅವಧಿ ಮೀರಿತ್ತು. ಗಾಯ ನಾಲ್ಕು ದಿನದಲ್ಲಿ ಮಾಯಿತು. ಮನೆಯಲ್ಲಿ ಯಾರೂ ಕೇಳಲಿಲ್ಲ.

ಆ ವರ್ಷ ದೀಪಾವಳಿಗೆ ಇನ್ನೂ ಎರಡು ವಾರ ಇದ್ದಾಗ, ಒಂದು ಸೋಮವಾರ ಮಧ್ಯಾಹ್ನ ಕಾಕಾನ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದರು.

“ಲಗೂನ ಮನಿಗೆ ಬಾ. ನಿನ್ನ ಕೊಯ್ಯೂ ಸಾಮಾನಿನ ಡಬ್ಬಿ ತಗೊಂಡು ಬಾ. ಕಾಕು ಕೇಳಿದ್ರ ಪುಸ್ತಕ ಕೊಡಾಕ ಬಂದೇನಿ ಅನ್ನು.”

ಡಬ್ಬಿಯನ್ನು ಒಯ್ಯಲಿಲ್ಲ. ಒಂದು ಪುಸ್ತಕವನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಕಾಕಾ ಮಹಡಿಯ ಕೋಣೆಯಲ್ಲಿ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ನಾನು ಬಾಗಿಲು ಮುಚ್ಚಿದ ಮೇಲೆ ಅದನ್ನು ಬಿಚ್ಚಿದರು. ಬೆರಳು ಬುಡದಿಂದ ತುದಿಯವರೆಗೆ ಬಾತು ಹೊಳೆಯುತ್ತಿತ್ತು. ತುಸು ಬಾಗಿಕೊಂಡೇ ಇತ್ತು. ಅಂಗೈ ಕಡೆಗೆ, ನಡುಗಂಟಿನ ಮಡಿಕೆಯಲ್ಲಿ, ಬೂದಿ ಮೆತ್ತಿದ ಒಂದು ಸಣ್ಣ ತೂತು. ಅದರ ಸುತ್ತ ಕೆಂಪು.

“ಗಾಳ ಎಲ್ಲಿ?” ಎಂದೆ.

“ಒಳಗೈತಿ.”

ಹಿಂದಿನ ದಿನ ಬೆಳಿಗ್ಗೆ ಆದದ್ದನ್ನು ಅವರು ಹೇಳಿದರು. ಮೀನಿನ ಬಾಯಿಂದ ಗಾಳ ಬಿಡಿಸುವಾಗ ಮೀನು ಕೊಸರಿಕೊಂಡಿತು, ಗಾಳ ಬೆರಳಿಗೆ ಹೊಕ್ಕಿತು. ಅಜ್ಜ ಆ ದಿನ ಬಂದಿರಲಿಲ್ಲ. ಬೇಸಿಗೆಯಲ್ಲಿ ನನ್ನ ಕೈಗೆ ಮಾಡಿದ್ದು ನೆನಪಿತ್ತು. ಕುಣಿಕೆ ಹಾಕಿ, ತಂಗೂಸಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಕಡ್ಡಿಯನ್ನು ಒತ್ತಿ ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು. ಗಾಳ ತಿರುಗಿ ಇನ್ನಷ್ಟು ಒಳಗೆ ಹೋಯಿತು. ಹೊರಗೆ ಕಾಣುತ್ತಿದ್ದ ಕಡ್ಡಿಯನ್ನು ಇಟ್ಟುಕೊಂಡು ಮನೆಗೆ ಹೋಗುವುದು ಹೇಗೆ? ಕಾಕು ನೋಡುತ್ತಾರೆ. ಅದಕ್ಕೆ ಗಾಡಿಯ ಡಿಕ್ಕಿಯಲ್ಲಿದ್ದ ಇಕ್ಕಳ ತೆಗೆದು, ಕಡ್ಡಿಯನ್ನು ಚರ್ಮದ ಮಟ್ಟಕ್ಕೆ ಕತ್ತರಿಸಿಬಿಟ್ಟರು. ವಿಭೂತಿ ಒತ್ತಿ ಬಟ್ಟೆ ಸುತ್ತಿದರು. ಹತ್ತಿಯ ಚೀಲ ಹೊಲಿಯುವಾಗ ದಬ್ಬಣ ಚುಚ್ಚಿತು ಎಂದು ಮನೆಯಲ್ಲಿ ಹೇಳಿದರು.

“ಭಾನುವಾರ ಯಾವ ಚೀಲ ಹೊಲಿದ್ರಿ?”

“ಅದನ್ನ ಆಕಿ ಕೇಳಲಿಲ್ಲ. ನೀ ಕೇಳಬ್ಯಾಡ,” ಎಂದರು. “ನೀನು ಮೀನಿನ ಕಿವಿ ಕೊಯ್ದು ಹುಳ ತೆಗೀತೀಯಲ್ಲ. ಇದೊಂದು ತುಂಡು ತೆಗ್ಯಾಕ ಬರಂಗಿಲ್ಲೇನು?”

“ಮೀನು ಸತ್ತಿರ್ತೈತ್ರಿ.”

ಅವರು ನಗಲಿಲ್ಲ. ಬೆರಳು ಮಡಚಲು ಹೇಳಿದೆ, ಆಗಲಿಲ್ಲ. ನಾನು ಹಗುರಾಗಿ ನೆಟ್ಟಗೆ ಮಾಡಲು ಹೋದಾಗ ಕೈಯನ್ನು ಕಸಿದುಕೊಂಡರು. ಪೆನ್ನಿನ ತುದಿಯಿಂದ ಬೆರಳಿನ ತುದಿಯ ಎರಡೂ ಬದಿ ಮುಟ್ಟಿದೆ. ಹೆಬ್ಬೆರಳಿನ ಕಡೆಯ ಬದಿಯಲ್ಲಿ “ಬಟ್ಟಿ ಮ್ಯಾಲಿಂದ ಮುಟ್ಟಿದಂಗ ಆಗತೈತಿ” ಎಂದರು. ಹಾಗೆಂದು ತಾವೇ ಹೆದರಿದರು.

ಅದು ಏಕೆಂದು ನನಗೆ ಗೊತ್ತಿತ್ತು. ಹತ್ತಿಯ ದಲ್ಲಾಳಿ ಒಂದು ಚಿಟಿಕೆ ಅರಳೆಯನ್ನು ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆದು, ಎಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಉದ್ದ ಎಷ್ಟು, ಗಟ್ಟಿ ಎಷ್ಟು ಎಂದು ಹೇಳುತ್ತಾನೆ. ಯಂತ್ರದ ಪರೀಕ್ಷೆ ಬಂದಿದೆ ನಿಜ. ಆದರೆ ಹರಾಜಿನ ಸವಾಲಿನ ಹೊತ್ತಿಗೆ ಚೀಲದ ಮುಂದೆ ನಿಂತು ಹೇಳಬೇಕಾದದ್ದು ಬೆರಳೇ. ಕಾಕಾ ಹೇಳಿದ ಉದ್ದವನ್ನು ಮಾರುಕಟ್ಟೆಯಲ್ಲಿ ಯಾರೂ ಎರಡನೇ ಸಲ ಅಳೆಯುತ್ತಿರಲಿಲ್ಲ. ಹೊಸ ಹತ್ತಿ ಬರುವ ದಿನಗಳು ಹತ್ತಿರವಿದ್ದವು.

“ಇದು ನಂದೂ ಅಲ್ಲ, ನಿಮ್ದೂ ಅಲ್ಲ. ದವಾಖಾನಿ ಕೆಲಸರಿ,” ಎಂದೆ. ಆಮೇಲೆ, ತಡವಾಗಿ, ಅಜ್ಜ ಬೆರಳಿನ ಗಂಟಿನ ಬಗ್ಗೆ ಹೇಳಿದ್ದನ್ನು ಹೇಳಿದೆ. ಕಾಕಾ ತಲೆ ಎತ್ತಿದರು.

“ಇದನ್ನ ಅವತ್ತ ಹೇಳಬಾರದಾಗಿತ್ತೇನವಾ?”

“ಏಳ್ರಿ, ಹೋಗೂಣು,” ಎಂದೆ.

ಅವರು ಹಟ ಬಿಡಲಿಲ್ಲ. ಓಣಿಯ ಡಾಕ್ಟರ್ ಕಾಕುವಿನ ತವರಿನ ಕಡೆಯವರು, ಅಲ್ಲಿ ಹೋದರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಬೇರೆ ಕಡೆ ನಾಳೆ ಹೋದರಾಯಿತು. ಸುಣ್ಣ ಅರಿಸಿನ ಬೆರೆಸಿ ಹಚ್ಚಿದರೆ ತಾನಾಗಿ ಕಿತ್ತು ಬರುತ್ತದಂತೆ. ನಾನು ಒಂದೊಂದಕ್ಕೂ ಇಲ್ಲ ಎನ್ನುತ್ತಿದ್ದೆ. ಸಕ್ಕರೆ ಕಾಯಿಲೆ ಇದ್ದವರ ಬೆರಳಿನಲ್ಲಿ ಕೀವು ಹಿಡಿದರೆ ನಾಳೆಯವರೆಗೆ ಕಾಯುವುದಿಲ್ಲ ಎಂದೆ. ಅಷ್ಟರಲ್ಲಿ ಬಾಗಿಲು ತೆರೆಯಿತು.

“ಯಾವ ಪುಸ್ತಕ ಅದು, ಬಾಗಿಲಾ ಹಾಕ್ಕೊಂಡು ಓದೂದು?” ಎಂದು ಚಹಾ ತಂದ ಕಾಕು ಕೇಳಿದರು. ಬೆರಳು ಮುಚ್ಚಲು ಕಾಕಾನಿಗೆ ಸಮಯ ಸಿಗಲಿಲ್ಲ. ಕಾಕು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬಗ್ಗಿ ನೋಡಿದರು.

“ದಬ್ಬಣ ಚುಚ್ಚಿದ್ದು ಹಿಂಗಾಗತೈತೇನು? ಬಾಳಿಕಾಯಿ ಆಗೇತಿ ಬೆರಳು! ಏಳ್ರಿ.”

“ನಾಳೆ…”

“ಏಳ್ರಿ ಅಂದೆ.”

ಕಾಕು ಜೊತೆಗೆ ಬರುತ್ತೇನೆಂದಾಗ ಕಾಕಾ ನನ್ನ ಕಡೆ ನೋಡಿದರು. ಆಟೋದಲ್ಲಿ ನನ್ನನ್ನು ನಡುವೆ ಕೂರಿಸಿದರು. ಗಡಿಯಾರ ಮತ್ತು ಬೆರಳಿನ ಉಂಗುರವನ್ನು ಬಿಚ್ಚಲು ನಾನು ಹೇಳಿದೆ. ಪಕ್ಕದ ಬೆರಳೂ ಸ್ವಲ್ಪ ಬಾತಿತ್ತು, ಉಂಗುರ ಕಷ್ಟಪಟ್ಟು ಬಂತು. ಕಾಕು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಹುಬ್ಬಳ್ಳಿಯಲ್ಲಿ ಕೈ ಮತ್ತು ಮೂಳೆಯ ಶಸ್ತ್ರಚಿಕಿತ್ಸೆ ಮಾಡುವ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಹೆಂಗಸು, ಧಾರವಾಡದ ಕಡೆಯವರೇ. ಹೊರಗೆ ಇನ್ನೂ ಬಹಳ ಜನ ಕಾಯುತ್ತಿದ್ದರು.

“ಏನಾತ್ರಿ?”

“ದಬ್ಬಣ ಚುಚ್ಚಿತ್ರಿ. ನಿನ್ನೆ.”

“ಒಳಗ ಏನರ ಉಳದದೇನು? ತುದಿ ಮುರದದೇನು?”

“ಇಲ್ರಿ. ಪೂರಾ ತಗದೇನಿ.”

“ಶುಗರ್?”

“ಅದ ರೀ. ಹತೋಟ್ಯಾಗ ಐತಿ. ಯೋಗಾ ಮಾಡ್ತಾರ,” ಎಂದು ಕಾಕು ಹೇಳಿದರು.

ಡಾಕ್ಟರ್ ಬೆರಳನ್ನು ಒತ್ತಿ ನೋಡಿದರು. ಅವರ ಮುಖದಲ್ಲಿ ಏನೋ ಹೊಂದಿಕೆಯಾಗದ ಭಾವ ಇತ್ತು. ಆದರೂ ದಬ್ಬಣ ಎಂದವರ ಮೇಲೆ ಅನುಮಾನ ಪಡಲು ಕಾರಣವಿರಲಿಲ್ಲ. ಚೀಟಿಯ ಮೇಲೆ ಚುಚ್ಚುಮದ್ದಿನ ಹೆಸರು ಬರೆದರು, ಗುಳಿಗೆಯ ಹೆಸರು ಬರೆಯತೊಡಗಿದರು. ಎರಡು ದಿನ ಬಿಟ್ಟು ತೋರಿಸಿ ಎಂದರು.

ನಾನು ಅವರ ಪೆನ್ನನ್ನು ನೋಡುತ್ತಿದ್ದೆ. ಬೇರೆಯವರ ಗುಟ್ಟನ್ನು ಹೇಳುವ ಅಭ್ಯಾಸ ನನಗಿಲ್ಲ, ನನ್ನದನ್ನೇ ಹೇಳುವುದಿಲ್ಲ. ಕಾಕಾನೇ ಹೇಳಲಿ ಎಂದು ಕಾದೆ. ಅವರು ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಮೊಣಕಾಲಿನ ಮಾದರಿಯನ್ನು ನೋಡುತ್ತಿದ್ದರು. ಕಾಕುವನ್ನು ಹೊರಗೆ ಕಳಿಸಲು ಒಂದು ನೆಪ ಹುಡುಕಿದೆ. ಸಿಗಲಿಲ್ಲ. ಡಾಕ್ಟರ್ ಚೀಟಿಯನ್ನು ಹರಿದು ಕೈಗೆ ಕೊಟ್ಟರು. ಅದು ನನ್ನ ಕೈಗೇ ಬಂತು.

“ದಬ್ಬಣ ಅಲ್ರಿ,” ಎಂದೆ. “ಮೀನಿನ ಗಾಳ. ಮುಳ್ಳು ಇದ್ದದ್ದು. ಮೀನಿನ ಬಾಯಿಂದ ನೇರ ಚುಚ್ಚೇತಿ. ಎಳದು ನೋಡ್ಯಾರ, ಬಂದಿಲ್ಲ. ಹೊರಗಿನ ಕಡ್ಡಿ ಕತ್ತರಿಸ್ಯಾರ. ಉಳದದ್ದು ಒಳಗ ಐತ್ರಿ.”

ಡಾಕ್ಟರ್ ಚೀಟಿಯನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡರು.

“ಎಷ್ಟು ಹೊತ್ತಿಗೆ?”

“ನಿನ್ನೆ ಮುಂಜಾನೆ ಎಂಟರ ಸುಮಾರು. ಕೆರಿ ನೀರಿನ್ಯಾಗ.”

“ಯಾರು ಕತ್ತರಿಸಿದ್ರು?”

“ನಾನ ರೀ,” ಎಂದರು ಕಾಕಾ.

“ಹಿಡೀಲಿಕ್ಕೆ ಇದ್ದ ಒಂದ ಒಂದು ಜಾಗಾನ ಕತ್ತರಿಸಿದ್ರಲ್ಲರಿ,” ಎಂದರು ಡಾಕ್ಟರ್. ಸಿಟ್ಟಿನಿಂದ ಅಲ್ಲ, ಹೇಳಬೇಕಾದದ್ದನ್ನು ಹೇಳುವವರ ಹಾಗೆ. “ಹಂಗ ಇಟ್ಕೊಂಡು ನಿನ್ನೇನ ಬಂದಿದ್ರ ಅರ್ಧ ತಾಸಿನ ಕೆಲಸ ಇತ್ತು. ಕೆರಿ ನೀರಿನ, ಮೀನಿನ ಮೈಮ್ಯಾಲಿನ ಜೀವಾಣುಗಳು ಬ್ಯಾರೆ ಇರ್ತಾವ. ನಾ ಬರದ ಗುಳಿಗಿ ಅವಕ್ಕ ಸಾಕಾಗ್ತಿದ್ದಿಲ್ಲ.”

ಕಾಕು ಅಷ್ಟು ಹೊತ್ತು ಕಾಕಾನನ್ನೇ ನೋಡುತ್ತಿದ್ದರು.

“ತಿಂದ್ರೇನು?” ಎಂದು ಕೇಳಿದರು.

“ಏನು?”

“ಮೀನಾ.”

“ಛೇ, ಛೇ. ಲಿಂಗದ ಆಣಿ. ಒಂದೂ ತಿಂದಿಲ್ಲ.”

“ಮತ್ತ ಯಾಕ ಹಿಡೀತಿದ್ರಿ?”

ಡಾಕ್ಟರ್ ಮುಖ ತಗ್ಗಿಸಿ ಎಕ್ಸ್-ರೇಗೆ ಬರೆಯುತ್ತಿದ್ದರು.

“ತಿಂದಿದ್ರ ಒಂದು ಮಾತು,” ಎಂದು ಕಾಕು ತಮ್ಮಷ್ಟಕ್ಕೆ ಹೇಳಿಕೊಂಡರು. “ಹಸಿವಿತ್ತು ಅನ್ನಬಹುದಿತ್ತು. ಹಂಗಾದ್ರ ಆ ಯೋಗಾ?”

“ಒಂದೂವರಿ ತಾಸು ಅಲ್ಲಾಡದ ಕುಂದರ್ತೇನಿ,” ಎಂದರು ಕಾಕಾ.

ಎಕ್ಸ್-ರೇಯಲ್ಲಿ ಗಾಳ ಸ್ಪಷ್ಟವಾಗಿ ಕಂಡಿತು. ಕೊಂಡಿಯಂತೆ ಬಾಗಿದ ಬಿಳಿ ಗೆರೆ, ತುದಿಯ ಹಿಂದೆ ಎಳ್ಳಿನಷ್ಟು ಮುಳ್ಳು. ಅದು ನಡುಗಂಟಿನ ಎದುರಿಗೇ ನಿಂತಿತ್ತು. ಡಾಕ್ಟರ್ ನನಗೂ ಕಾಕುವಿಗೂ ಅದನ್ನು ತೋರಿಸಿ ವಿವರಿಸಿದರು. ಬೆರಳನ್ನು ಮಡಚುವ ಸ್ನಾಯುವಿನ ಹುರಿ ಒಂದು ಕೊಳವೆಯೊಳಗೆ ಓಡಾಡುತ್ತದೆ. ಗಾಳ ಆ ಕೊಳವೆಯ ಗೋಡೆಗೆ ತಾಗಿದೆ. ಕೀವು ಅದರೊಳಗೆ ಹೋದರೆ ಬೆರಳು ಶಾಶ್ವತವಾಗಿ ಬಿಗಿಯಬಹುದು, ಇನ್ನೂ ಕೆಟ್ಟದ್ದೂ ಆಗಬಹುದು. ಪಕ್ಕದಲ್ಲೇ ಸ್ಪರ್ಶದ ನರ ಇದೆ. ಅದು ಕಡಿದಿದೆಯೋ ಬರೀ ಒತ್ತಿಕೊಂಡಿದೆಯೋ ತೆರೆದ ಮೇಲೆಯೇ ಗೊತ್ತು.

“ಇವತ್ತ ತೆಗೀಬೇಕು,” ಎಂದರು.

ಒಳಗೆ ಹೋಗುವ ಮೊದಲು ಕಾಕಾ ಕೇಳಿದ್ದು ಒಂದೇ: “ಡಾಕ್ಟರ್, ಅರಳಿ ಎಳಿ ತೆಗ್ಯಾಕ ಬರ್ತೈತಿಲ್ಲರಿ, ಮುಂದ?” ಡಾಕ್ಟರಿಗೆ ಅರ್ಥವಾಗಲಿಲ್ಲ. ಕಾಕಾ ಎಡಗೈಯಿಂದ ಗಾಳಿಯಲ್ಲಿ ಎಳೆದು ತೋರಿಸಿದರು. ಡಾಕ್ಟರ್ ಸುಮ್ಮನೆ ಧೈರ್ಯ ಹೇಳಲಿಲ್ಲ. ನೋಡೋಣ ಎಂದರು.

ಒಂದು ತಾಸಿನ ಮೇಲಾಯಿತು. ಬೆಂಚಿನ ಮೇಲೆ ಕಾಕು ನನ್ನ ಪಕ್ಕದಲ್ಲಿ ಕುಳಿತಿದ್ದರು.

“ನಿನಗ ಎಂದಿನಿಂದ ಗೊತ್ತು?”

“ಒಂದು ವರ್ಷ ಆತ್ರಿ.”

“ಎದುರಿಗೆ ಕುಂತು ಉಣ್ಣತಿದ್ದಿ. ನಾ ಯೋಗದ ಸುದ್ದಿ ಹೇಳತಿದ್ದೆ.”

“ಹೌದ್ರಿ.”

“ನಗು ಬರತಿತ್ತೇನು?”

“ಇಲ್ರಿ.” ಅದು ನಿಜ. ಆಮೇಲೆ ಕೆರೆಗೆ ನಾನು ಏಕೆ ಹೋಗುತ್ತಿದ್ದೆ ಎಂಬುದನ್ನೂ ಹೇಳಿದೆ. ಮೀನುಗಳನ್ನು ಕೊಯ್ಯುವುದನ್ನು, ಕಿವಿರುಗಳನ್ನು, ಸೀಸೆಗಳನ್ನು. ಹೇಳುವಷ್ಟು ಹೇಳಿದ ಮೇಲೆ ಉಳಿದದ್ದನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿರಲಿಲ್ಲ.

“ಅದಕ್ಕ ನಿನ್ನ ಚೀಲ ಹಂಗ ನಾರ್ತೈತಿ,” ಎಂದರು. “ಗಟಾರದ ಬಾಜೂಕ ಕೋಣಿ ಹಿಡಿದಿ ಅನಕೊಂಡಿದ್ದೆ.”

ಡಾಕ್ಟರ್ ಹೊರಗೆ ಬಂದು ಹೇಳಿದ್ದನ್ನು ನಾನು ಆ ರಾತ್ರಿ ಬರೆದಿಟ್ಟುಕೊಂಡೆ. ಬೆರಳಿನ ಬುಡದ ಎರಡೂ ಬದಿ ಚುಚ್ಚುಮದ್ದು ಕೊಟ್ಟು ಬೆರಳನ್ನು ಮರಗಟ್ಟಿಸಿದರು. ಗಾಯವನ್ನು ತುಸು ಅಗಲಿಸಿ ಕತ್ತರಿಸಿದ ತುದಿಯನ್ನು ಹುಡುಕಿ ಚಿಮಟದಿಂದ ಹಿಡಿದರು. ಹಿಂದಕ್ಕೆ ಎಳೆಯಲಿಲ್ಲ. ಗಾಳ ಬಾಗಿದ ದಿಕ್ಕಿನಲ್ಲೇ ಮುಂದಕ್ಕೆ ತಿರುಗಿಸುತ್ತ, ಹುರಿಗೂ ನರಕ್ಕೂ ತಾಗದ ಕಡೆ ಸಣ್ಣ ಗಾಯ ಮಾಡಿ, ಮುಳ್ಳಿನ ಸಮೇತ ಹೊರಕ್ಕೆ ತೆಗೆದರು. ಕೊಳವೆಯೊಳಗೆ ಕೀವು ಹೋಗಿರಲಿಲ್ಲ, ಅದರ ಹೊರಗೆ ಸೇರತೊಡಗಿತ್ತು. ಎಲ್ಲವನ್ನೂ ಉಪ್ಪುನೀರಿನಿಂದ ತೊಳೆದರು. ಕೊಳೆ ಹೊಕ್ಕ ಗಾಯವಾದ್ದರಿಂದ ಹೊಲಿಯದೆ ತೆರೆದೇ ಬಿಟ್ಟರು. ನರ ಕಡಿದಿರಲಿಲ್ಲ, ಜಜ್ಜಿತ್ತು. ಎರಡು ದಿನ ಅಲ್ಲೇ ಇಟ್ಟುಕೊಂಡು ರಕ್ತನಾಳದಲ್ಲಿ ಔಷಧ ಕೊಟ್ಟರು. ಜ್ವರ ಬಂದರೆ, ಕೆಂಪು ಅಂಗೈಗೆ ಇಳಿದರೆ, ನೋವು ಹೆಚ್ಚಾದರೆ ಹೊತ್ತು ನೋಡದೆ ಬರಬೇಕೆಂದು ಹೇಳಿ ಮನೆಗೆ ಕಳಿಸಿದರು.

ಮುಂದಿನ ಭಾನುವಾರ ಕೆರೆಯಲ್ಲಿ ಅಜ್ಜನಿಗೆ ಇದನ್ನೆಲ್ಲ ಹೇಳಿದೆ. ಆತ ಗಾಳವನ್ನು ನೀರಿನಿಂದ ಎಳೆದುಕೊಂಡ.

“ತಪ್ಪು ನಂದೂ ಐತಿ,” ಎಂದ. “ತೆಗಿಯೂದು ಕಲಿಸಿದೆ. ಎಲ್ಲಿ ತೆಗೀಬಾರದು ಅನ್ನೂದು ಕಲಿಸಲಿಲ್ಲ.”

“ನನಗ ಹೇಳಿದ್ರಿ.”

“ನಿನಗ ಹೇಳಿದ್ರ ಏನಾತು? ನೀ ಮಾತಾಡೂ ಪೈಕಿನ ಅಲ್ಲ.”

ಗಾಯ ಮಾಯಲು ಮೂರು ವಾರ ಹಿಡಿಯಿತು. ಊತ ಇಳಿದ ಮೇಲೆ ಡಾಕ್ಟರ್ ಬೆರಳಿನ ವ್ಯಾಯಾಮ ಹೇಳಿಕೊಟ್ಟರು. ದಿನಕ್ಕೆ ನಾಲ್ಕು ಸಲ, ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು, ಒಂದೊಂದೇ ಗಂಟು ಮಡಚಬೇಕು. ಕಾಕಾ ಒಂದು ಸಲ ಮಾಡಿ ನಾಲ್ಕು ಸಲ ಎನ್ನುತ್ತಾರೆಂದು ಕಾಕುವಿಗೆ ಅನುಮಾನ. ಅದರಲ್ಲಿ ಅವರ ತಪ್ಪಿಲ್ಲ. ಆದ್ದರಿಂದ ಬೋಗುಣಿಯನ್ನು ಅವರೇ ತಂದು ಎದುರಿಗೆ ಕೂರುತ್ತಿದ್ದರು.

ನಾನು ಡಿಸೆಂಬರಿನಲ್ಲಿ ಒಂದು ಸಂಜೆ ಹೋದಾಗಲೂ ಹಾಗೇ ಕುಳಿತಿದ್ದರು. ಕಾಕಾನ ಬೆರಳು ಅಂಗೈಗೆ ಮುಟ್ಟಲು ಇನ್ನೂ ಒಂದು ಗೋಧಿಕಾಳಿನಷ್ಟು ದೂರ ಉಳಿಯುತ್ತಿತ್ತು. ತುದಿಯ ಒಂದು ಬದಿಯಲ್ಲಿ ಸ್ಪರ್ಶ ಪೂರ್ತಿ ಬಂದಿರಲಿಲ್ಲ. ಬರಲು ತಿಂಗಳುಗಳೇ ಬೇಕು, ಬರದೆಯೂ ಇರಬಹುದು ಎಂದು ಡಾಕ್ಟರ್ ಹೇಳಿದ್ದರು. ಅಂಗಡಿಯಲ್ಲಿ ಅವರು ಈಗ ನಡುಬೆರಳಿನಿಂದ ಅರಳೆ ಹಿಡಿಯುತ್ತಿದ್ದರು. ಹೇಳಿದ ಉದ್ದವನ್ನು ಮೊದಲ ಬಾರಿಗೆ ಅಳತೆಪಟ್ಟಿಯಿಂದ ತಾವೇ ತಾಳೆ ನೋಡುತ್ತಿದ್ದರು. ಈ ವಾರ ಎರಡು ಸಲ ತಪ್ಪಿತಂತೆ, ಕೂದಲೆಳೆಯಷ್ಟು. ಅದನ್ನು ಅವರು ಕಾಕುವಿನ ಎದುರಿಗೇ ಹೇಳಿದರು.

“ಇನ್ನೊಮ್ಮೆ ಮಡಚ್ರಿ,” ಎಂದರು ಕಾಕು.

“ಆತಲ್ಲ.”

“ಎಲ್ಲಿ ಆತು? ನಾ ನೋಡಾಕತ್ತೇನಿ.”

ಅವರು ಮಡಚಿದರು. ಕಾಕು ತಮ್ಮ ಹೆಬ್ಬೆರಳನ್ನು ಅವರ ಗಂಟಿನ ಮೇಲಿಟ್ಟು ಮೆತ್ತಗೆ ಒತ್ತಿದರು. ಕಾಕಾ ಹಲ್ಲು ಕಚ್ಚಿಕೊಂಡರು. “ನೋಯ್ತೈತಿ,” ಎಂದರು.

“ನೋಯ್ಲಿ. ಎಷ್ಟು ನೋಯ್ತೈತಿ ಅಂತ ಹೇಳ್ರಿ, ಅಲ್ಲಿಗೆ ಬಿಡ್ತೇನಿ.”

ಅವರು ಹೇಳಿದರು. ಕಾಕು ಅಲ್ಲಿಗೆ ಬಿಟ್ಟರು.